ಕಣದ ಕೊನೇ ಇಪ್ಪತ್ತೈದು ಚೀಲ

ಕೇಳುಗರಿಗೆ ನಮಸ್ಕಾರ. ನಾನು ಮೂಡಿಗೆರೆ ಕಡೆ ಒಂದು ಕಾಫಿ ತೋಟದಲ್ಲಿ ಸುಮಾರು ವರ್ಷ ರೈಟರ್ ಆಗಿದ್ದೋನು. ನಮ್ಮ ಕಡೆ ರೈಟರ್ ಅಂದ್ರೆ ಕಥೆ ಬರೆಯೋನಲ್ಲ, ಹಾಜರಿ ಬರೆದು, ಕೆಲಸ ನೋಡ್ಕೊಂಡು, ಸಂಜೆ ಸಾಹುಕಾರ್ರಿಗೆ ಫೋನಲ್ಲಿ ವರದಿ ಒಪ್ಪಿಸೋನು. ಆ ಫೋನಲ್ಲಿ ನಾನು ಹೇಳಿದ ಒಂದು ಸುಳ್ಳಿನ ವಿಷಯ ಇವತ್ತು ಹೇಳ್ತೀನಿ, ಸುಳ್ಳು ಅಂತ ಹೇಳುವಾಗ ನಂಗೂ ಗೊತ್ತಿರ್ಲಿಲ್ಲ ಅನ್ನಿ.

ಡಿಸೆಂಬರ್ ತಿಂಗಳು. ಪಲ್ಪರ್ ಮಿಷನ್ನಲ್ಲಿ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಅರೇಬಿಕಾ ಕಾಫಿ ಬೀಜ, ಪಾರ್ಚ್‌ಮೆಂಟು ಅಂತೀವಿ, ಒಣಗಿದ್ಮೇಲೆ ಹತ್ತಿರ ಹತ್ತಿರ 80 ಚೀಲ ಆಗೋಷ್ಟು ಕಣದಲ್ಲಿತ್ತು. ಒಣಗಿದ್ಯಾ ಇಲ್ವಾ ಅಂತ ನೋಡೋಕೆ ಫಾರ್ಲಿಟ್ ಅಂತ 40 ಲೀಟರ್ ಅಳತೆ ಡಬ್ಬ ಇರುತ್ತೆ, ಅದ್ರಲ್ಲಿ ತುಂಬಿ ಮೇಲೆ ಕೋಲಾಡಿಸಿ ಮಟ್ಟ ಮಾಡಿ ತೂಗೋದು. ನೀರು ಹೋದಂಗೆ ತೂಕ ಇಳೀತಾ ಹೋಗುತ್ತೆ, ಎರಡು ದಿನ ಒಂದೇ ತೂಕ ಬಂದ್ರೆ ಒಣಗ್ತು ಅಂತ ಲೆಕ್ಕ.

ಸೋಮವಾರ 18.2 ಕೇಜಿ, ಮಂಗಳವಾರ 16.9. ಒಂದೇ ದಿನಕ್ಕೆ ಒಂದೂಕಾಲು ಕೇಜಿಗೂ ಜಾಸ್ತಿ ಇಳಿದಿದೆ ಅಂತ ಖುಷಿಯಾಗಿ "ಸಾರ್, ತೊಂಬತ್ತು ಪರ್ಸೆಂಟ್ ಆಯ್ತು, ನಾಳೆ ಚೀಲ ಕಟ್ಬಹುದು" ಅಂದ್ಬಿಟ್ಟೆ. ಬುಧವಾರ 16.2, ಅವತ್ತೂ "ನಾಳೆ". ಗುರುವಾರ 15.8, ಮತ್ತೆ "ಇನ್ನೊಂದು ಬಿಸಿಲು ಸಾಕು, ನಾಳೆ". ತೂಕ ಇಳಿಯೋದು ದಿನಾ ಕಮ್ಮಿ ಆಗ್ತಿತ್ತಲ್ಲ, ಅದು ಸಹಜ. ಮೊದ್ಲು ಹೋಗೋದು ಹೊರಗಿನ ನೀರು, ಬೇಗ ಹೋಗುತ್ತೆ, ಆಮೇಲೆ ಬೀಜದ ಒಳಗಿರೋ ತೇವ ನಿಧಾನಕ್ಕೆ ಹೊರಗೆ ಬಂದು ಆರಬೇಕು, ಹಾಗಾಗಿ ಮೊದಲ ದಿನದ ಓಟ ನೋಡಿ ಕೊನೇ ದಿನ ಲೆಕ್ಕ ಹಾಕಿದ್ರೆ ಯಾವಾಗ್ಲೂ ತಪ್ಪುತ್ತೆ. ನಾನು ಹೇಳಿದ ತೊಂಬತ್ತು ಪರ್ಸೆಂಟ್ ಇದ್ಯಲ್ಲ, ಅದು ಯಾವುದರ ತೊಂಬತ್ತು ಅಂತ ಕೇಳಿದ್ರೆ ನನ್ನ ಹತ್ರ ಉತ್ತರ ಇರ್ಲಿಲ್ಲ.

ಶುಕ್ರವಾರ ಬೆಳಿಗ್ಗೆ ಲಾರಿ ಬಂದೇ ಬಿಡ್ತು, ಸಾಹುಕಾರ್ರು ನನ್ನ ಮಾತು ನಂಬಿ ಹೇಳಿಬಿಟ್ಟಿದ್ರು. ಚೀಲ ತುಂಬೋಕೆ ಹೋದ ಮೇಸ್ತ್ರಿ ಕಣದ ಆ ಕೊನೆಯಿಂದ ಒಂದು ಕಾಳು ತಗೊಂಡು ಸಿಪ್ಪೆ ಸುಲಿದು ಹಲ್ಲಲ್ಲಿ ಕಡಿದು "ರೈಟ್ರೆ, ಇದು ಮೆತ್ತಗೈತೆ" ಅಂದ. ಹೋಗಿ ತೂಗಿದ್ರೆ ಆ ಕಡೆ ರಾಶಿ 16.7! ಮಧ್ಯಾಹ್ನ ಎರಡು ಗಂಟೆ ಆದ್ಮೇಲೆ ಸಿಲ್ವರ್ ಓಕ್ ಮರದ ನೆರಳು ಅಲ್ಲಿಗೇ ಬೀಳೋದು. ನಾನು ನಾಲ್ಕು ದಿನವೂ ಬಿಸಿಲ ಕಡೆದನ್ನೇ ತೂಗಿದ್ದೆ, ಅದು ಹತ್ತಿರ, ನಡೆಯೋದು ತಪ್ಪುತ್ತೆ ನೋಡಿ. ತೇವ ಇರೋದನ್ನ ಒಣಗಿದ್ದರ ಜೊತೆ ಸೇರಿಸಿ ಕಟ್ಟಿದ್ರೆ ಚೀಲದೊಳಗೆ ಬೂಷ್ಟು ಹಿಡಿಯುತ್ತೆ, ಕಾಫಿ ಸಂಸ್ಕರಿಸೋ ಕ್ಯೂರಿಂಗ್ ವರ್ಕ್ಸ್‌ನಲ್ಲಿ ತೇವ ಅಳೆಯೋ ಮಾಯಿಶ್ಚರ್ ಮೀಟರ್ ಇಟ್ಟ ತಕ್ಷಣ ಗೊತ್ತಾಗುತ್ತೆ. ಲಾರಿ ಖಾಲಿ ಹೋಯ್ತು, ಅರ್ಧ ಬಾಡಿಗೆ ಕೊಟ್ಟು ಕಳಿಸಿದ್ವಿ.

ಅವತ್ತು ಸಂಜೆ ಫೋನ್ ಮಾಡೋಕೆ ಮುಂಚೆ ಪಾಕೆಟ್ ಬುಕ್ಕಲ್ಲಿ ಬರ್ಕೊಂಡೆ, ಇಲ್ಲಾಂದ್ರೆ ಬಾಯಿ ತನ್ನಷ್ಟಕ್ಕೆ "ನಾಳೆ" ಅಂದುಬಿಡ್ತಿತ್ತು. ಬರ್ಕೊಂಡಿದ್ದು ಹಿಂಗೆ: "55 ಚೀಲದಷ್ಟು ರಾಶಿ 15.6. ನಾಳೆನೂ ಅಷ್ಟೇ ಬಂದ್ರೆ ಚೀಲಕ್ಕೆ. ಇನ್ನು 25 ಚೀಲದ್ದು 16.7, ಒಣಗಿಲ್ಲ. ನಾನು ಆ ನೆರಳಿನ ಕಡೇದು ತೂಗೇ ಇರ್ಲಿಲ್ಲ, ಅದಕ್ಕೇ ದಿನಾ ನಾಳೆ ಅಂದಿದ್ದು ತಪ್ಪಾಯ್ತು. ಬೇಗ ಅಂದ್ರೆ ಮಂಗಳವಾರ, ಮೋಡ ಬಂದ್ರೆ ಗುರುವಾರ. ಭಾನುವಾರ ಸಂಜೆ ಎರಡು ಕಡೆಯದ್ದೂ ತೂಕ ಹೇಳ್ತೀನಿ." ಓದಿ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಸರಿ, 55 ಮೊದ್ಲು ಕಳಿಸೋಣ" ಅಂದ್ರು. ಅದು ಮುಂಚೆನೇ ಗೊತ್ತಿದ್ದಿದ್ರೆ ಶುಕ್ರವಾರದ ಲಾರಿ ಪೂರ್ತಿ ದಂಡ ಆಗ್ತಿರ್ಲಿಲ್ಲ, ಅವರು ಅದನ್ನ ಬಾಯ್ಬಿಟ್ಟು ಹೇಳ್ಲಿಲ್ಲ ಅಷ್ಟೇ.

ಶನಿವಾರನೂ 15.6 ಬಂತು, 55 ಚೀಲ ಕಟ್ಟಿದ್ವಿ, ಖಾಲಿಯಾದ ಬಿಸಿಲ ಜಾಗಕ್ಕೆ ಉಳಿದ ರಾಶಿ ಎಳ್ಕೊಂಡ್ವಿ. ಭಾನುವಾರ ಮೋಡ, ತೂಕ 16.3. ಮಂಗಳವಾರ ಆಗಲ್ಲ ಅನ್ನೋದು ಅವತ್ತೇ ಕಾಣ್ತಿತ್ತು, ಅವತ್ತೇ ಫೋನ್ ಮಾಡಿ ಹೇಳ್ದೆ. ಮಂಗಳವಾರದ ತನಕ ಕಾಯ್ದು ಹೇಳೋಕೂ ಎರಡು ದಿನ ಮುಂಚೆ ಹೇಳೋಕೂ ಅವರಿಗೆ ಬಾಳ ವ್ಯತ್ಯಾಸ, ಲಾರಿಯವನಿಗೆ ಬೇಡ ಅನ್ನೋಕೆ ಟೈಮ್ ಸಿಗುತ್ತೆ. ಬೈಯ್ಯಲಿಲ್ಲ. ಲಾರಿ ಶುಕ್ರವಾರಕ್ಕೆ ಹೇಳ್ಕೊಂಡ್ರು.

ಬುಧವಾರ 15.6. ಗುರುವಾರ ಬೆಳಿಗ್ಗೆ ನಾಲ್ಕು ಮೂಲೆಯಿಂದ್ಲೂ ತೆಗೆದು ಫಾರ್ಲಿಟ್ ತುಂಬಿ ತೂಗಿದೆ, 15.6. ಫೋನ್ ಮಾಡಿ "ಸಾರ್, ಮುಗೀತು" ಅಂದೆ.

"ತೂಕ ಎಷ್ಟು ಹೇಳಿ ರೈಟ್ರೆ" ಅಂದ್ರು.