ಹಳೇ ಫೋನ್ ಕೊಡೋ ಮುಂಚೆ, ಬೇರೆ ಕಡೆ ತೆಗೆದು ನೋಡಿ

ನಮಸ್ಕಾರ ಕೇಳುಗರೇ. ಮೊಬೈಲ್ ರಿಪೇರಿ ಅಂಗಡಿ ಇಟ್ಕೊಂಡಿರೋನು ನಾನು, ಹೊಸ ಫೋನ್ ತಗೊಳ್ಳೋರಿಗೆ ಒಂದೇ ಒಂದು ಮಾತು ಹೇಳೋಕೆ ಬಂದಿದೀನಿ. ಬ್ಯಾಕಪ್ ಆನ್ ಇದೆ ಅಂತ ನಂಬ್ಕೊಂಡು ಹಳೇ ಫೋನ್ ಕೊಟ್ಬಿಡಬೇಡಿ, ಬೇರೆ ಫೋನಲ್ಲೋ ಕಂಪ್ಯೂಟರಲ್ಲೋ ನಿಮ್ಮ ಗೂಗಲ್ ಅಕೌಂಟ್ ತೆಗೆದು ಕಣ್ಣಾರೆ ನೋಡಿ.

ಒಬ್ಬ ರಿಟೈರ್ಡ್ ಟೀಚರಮ್ಮ ಬಂದಿದ್ರು, ಹಳೇ ಆಂಡ್ರಾಯ್ಡ್ ಫೋನ್ ಎಕ್ಸ್‌ಚೇಂಜಿಗೆ ಕೊಡ್ಬೇಕು, ರೀಸೆಟ್ ಮಾಡಪ್ಪ ಅಂದ್ರು. ಸ್ವಲ್ಪ ತಡೀರಿ ಅಮ್ಮ ಅಂದೆ. ಅಂಗಡಿ ಕಂಪ್ಯೂಟರಲ್ಲಿ ಅವರ ಕೈಲೇ ಲಾಗಿನ್ ಮಾಡ್ಸಿ contacts.google.com ತೆಗೆದ್ರೆ, ಫೋನಲ್ಲಿ ಮುನ್ನೂರು ಚಿಲ್ಲರೆ ಹೆಸರಿದೆ, ಇಲ್ಲಿ ನಲವತ್ತೂ ಇಲ್ಲ! ಯಾಕಂದ್ರೆ ನಂಬರ್ ಸೇವ್ ಮಾಡುವಾಗ ಎಲ್ಲಿಗೆ ಅಂತ ಫೋನ್ ಕೇಳುತ್ತೆ, ಕೆಲವು ಸಿಮ್ಮಿಗೆ, ಕೆಲವು ಫೋನಿಗೆ, ಕೆಲವು ಗೂಗಲ್‌ಗೆ ಹೋಗಿತ್ತು. ಬರೀ ಫೋನಲ್ಲಿದ್ದದ್ದು ರೀಸೆಟ್ ಮಾಡಿದ ತಕ್ಷಣ ಹೋಗ್ತಿತ್ತು. ಕಾಂಟ್ಯಾಕ್ಟ್ಸ್ ಆ್ಯಪಲ್ಲಿ ಎಕ್ಸ್‌ಪೋರ್ಟ್ ಒತ್ತಿ ಎಲ್ಲವನ್ನೂ ಒಂದು .vcf ಫೈಲ್ ಮಾಡಿ, ಅದೇ ವೆಬ್‌ಸೈಟಲ್ಲಿ ಇಂಪೋರ್ಟ್ ಮಾಡಿದ್ವಿ. ಆಮೇಲೆ ಹೆಸರು ಎಣಿಸಿ ನೋಡಿದ್ರು, ಅಷ್ಟೂ ಬಂದಿತ್ತು.

ಫೋಟೋ ಕಥೆ ಇನ್ನೂ ಬೇಜಾರು. ಗೂಗಲ್ ಫೋಟೋಸಲ್ಲಿ ಯುಗಾದಿವರೆಗೂ ಇದೆ, ಆಮೇಲಿಂದ ಒಂದೂ ಇಲ್ಲ. ಫ್ರೀ ಜಾಗ 15 ಜಿಬಿ, ಅದರಲ್ಲೇ ಜಿಮೇಲು, ಡ್ರೈವು, ಫೋಟೋ ಎಲ್ಲಾ ಸೇರಿರುತ್ತೆ, ಅದು ತುಂಬಿದ ದಿನ ಬ್ಯಾಕಪ್ ನಿಂತ್ಹೋಗಿದೆ, ಮೆಸೇಜ್ ಬಂದಿದ್ರೂ ಅವರು ಅದನ್ನ ಸರಿಸಿಬಿಟ್ಟಿದಾರೆ. ಮೊಮ್ಮಗನ ನಾಮಕರಣದ ಫೋಟೋಗಳು ವಾಟ್ಸಾಪಲ್ಲಿ ಬಂದಿದ್ದು, ಅವಂತೂ ಹೋಗೇ ಇರ್ಲಿಲ್ಲ. ಕ್ಯಾಮೆರಾ ಫೋಲ್ಡರ್ ಮಾತ್ರ ತಾನಾಗೇ ಹೋಗೋದು ರೀ, ವಾಟ್ಸಾಪ್ ಫೋಲ್ಡರನ್ನ ಫೋಟೋಸ್ ಸೆಟ್ಟಿಂಗ್ಸಲ್ಲಿ ನಾವೇ ಆನ್ ಮಾಡ್ಬೇಕು! ಜಾಗ ಇಲ್ದಿದ್ರಿಂದ ಕೇಬಲ್ ಹಾಕಿ ಕ್ಯಾಮೆರಾ ಫೋಲ್ಡರ್, ವಾಟ್ಸಾಪ್ ಇಮೇಜಸ್ ಫೋಲ್ಡರ್ ಎರಡನ್ನೂ ಪೆನ್‌ಡ್ರೈವಿಗೆ ಕಾಪಿ ಮಾಡಿ ಕೊಟ್ಟೆ. ಅಲ್ಲೇ ಕೂತು ನಾಮಕರಣದ ಫೋಟೋ ಒಂದೊಂದೇ ತೆಗೆದು ನೋಡಿದ್ರು, ಆಮೇಲೇ ರೀಸೆಟ್ ಮಾಡು ಅಂದ್ರು.

ನೋಡಿ, ಅದಕ್ಕೇ ಹೇಳೋದು, ಬೇರೆ ಕಡೆ ತೆಗೆದು ನೋಡಿ. ಹಳೇ ಫೋನಲ್ಲೇ ಗ್ಯಾಲರಿ ತೆಗೆದು ಎಲ್ಲಾ ಇದೆಯಲ್ಲ ಅಂದ್ರೆ ಏನು ಪ್ರಯೋಜನ? ಇನ್ನೊಂದು, ಬ್ಯಾಕಪ್ ಆಯ್ತಲ್ಲಾ ಅಂತ ಫೋಟೋಸ್ ಆ್ಯಪಲ್ಲೇ ಡಿಲೀಟ್ ಒತ್ತಬೇಡಿ, ಅಲ್ಲಿ ಒತ್ತಿದ್ರೆ ಗೂಗಲಲ್ಲಿರೋದೂ ಹೋಗುತ್ತೆ.

ಟೈಮ್ ಆಗ್ತಿದೆ ಅಂತಿದಾರೆ, ಬೇಗ ಹೇಳ್ತೀನಿ. ವಾಟ್ಸಾಪ್ ಮೆಸೇಜುಗಳದ್ದು ಬೇರೇನೇ ಬ್ಯಾಕಪ್ಪು, ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್‌ಗೆ ಹೋಗಿ, ಕೊನೇ ಬ್ಯಾಕಪ್ ಯಾವತ್ತಿಂದು ಅಂತ ಅಲ್ಲೇ ಬರೆದಿರುತ್ತೆ, ಹಳೇದಾಗಿದ್ರೆ ಇವತ್ತೇ ಇನ್ನೊಂದ್ ಸಲ ಒತ್ತಿ. ಹೊಸ ಫೋನಲ್ಲಿ ಎಲ್ಲಾ ತೆರೆದು ನೋಡೋವರೆಗೂ ಹಳೇದನ್ನ ಯಾರ ಕೈಗೂ ಕೊಡಬೇಡಿ, ಅಂಗಡಿಯವರು ಎಷ್ಟೇ ಅವಸರ ಮಾಡಿದ್ರೂ ಸರಿ. ನಮಸ್ಕಾರ.