ಹೊಳಪಿಗೆ ಬಣ್ಣ ಬಳೀಬೇಡ್ರೀ

ನಮಸ್ಕಾರ, ಎಲ್ರಿಗೂ ನಮಸ್ಕಾರ. ಇವತ್ತು ಲೆನ್ಸ್ ಬಗ್ಗೆ ಮಾತಾಡ್ಬೇಕು ಅಂದ್ಕೊಂಡಿದ್ದೆ. ಆದ್ರೆ ಹೋದ ವಿಡಿಯೋ ಕೆಳಗೆ ಒಬ್ರು ಬರೆದಿದಾರೆ: "ಸಾರ್, ಫೋಟೋಶಾಪ್‌ನಲ್ಲಿ ಕೂದಲ ಬಣ್ಣ ಬದಲಾಯಿಸೋಕೆ ಇಷ್ಟುದ್ದ ಕೊರೀಬೇಕಾ? ಹೊಸ ಲೇಯರ್ ಹಾಕಿ, Color ಮೋಡ್ ಕೊಟ್ಟು, ಬ್ರಷ್ ತಗೊಂಡು ಬಳಿದ್ರೆ ಆಯ್ತು." ಅದಕ್ಕೆ ಬಂದಿರೋ ಲೈಕ್ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಲೆನ್ಸ್ ಮುಂದಿನ ವಾರ ನೋಡೋಣ.

ಸರಿ, ಅವರು ಹೇಳಿದ ಹಾಗೇ ಮಾಡೋಣ. ನಮ್ಮ ಚಿಕ್ಕಮ್ಮನ ಮಗಳು, ಪಾರ್ಲರ್‌ಗೆ ಹೋಗೋಕೆ ಮುಂಚೆ ತನ್ನ ಕೂದಲು ತಾಮ್ರದ ಬಣ್ಣದಲ್ಲಿ ಹೇಗೆ ಕಾಣುತ್ತೆ ನೋಡ್ಬೇಕು ಅಂದ್ಲು. ಫೋಟೋ ಚೆನ್ನಾಗಿದೆ. ಎಡಗಡೆ ಕಿಟಕಿ, ಹಿಂದೆ ತಿಳಿ ಬಣ್ಣದ ಗೋಡೆ, ಬಿಟ್ಟ ಕಪ್ಪು ಕೂದಲು. ಕೊಬ್ಬರಿ ಎಣ್ಣೆ ಹಚ್ಚಿದಾಳೆ, ಹಾಗಾಗಿ ನೆತ್ತಿ ಮೇಲೆ ಕಿಟಕಿ ಬೆಳಕು ಪಟ್ಟಿ ಥರ ಹೊಳೀತಿದೆ. ಈ ಪಟ್ಟಿ ನೆನಪಿಟ್ಕೊಳ್ಳಿ, ಇವತ್ತಿನ ಜಗಳ ಎಲ್ಲ ಇದರ ಮೇಲೇ.

Color ಮೋಡ್ ಏನ್ಮಾಡುತ್ತೆ? ಬಣ್ಣ ಮತ್ತು ಅದರ ಗಾಢತೆಯನ್ನ ಮೇಲಿನ ಲೇಯರ್‌ನಿಂದ ತಗೊಳ್ಳುತ್ತೆ, ಬೆಳಕು-ಕತ್ತಲೆಯನ್ನ ಕೆಳಗಿನ ಫೋಟೋದಿಂದ. ಕಪ್ಪು ಕೂದಲಲ್ಲಿ ಬೆಳಕು ಎಷ್ಟಿರುತ್ತೆ? 255ರಲ್ಲಿ 20, ಹೆಚ್ಚಂದ್ರೆ 30. ಅಷ್ಟು ಕತ್ತಲಲ್ಲಿ ಬಣ್ಣ ಕೂರೋಕೆ ಜಾಗವೇ ಇಲ್ಲ, ಕಪ್ಪು ಕಪ್ಪಾಗೇ ಉಳಿಯುತ್ತೆ. ಬಣ್ಣ ಹೋಗಿ ಎಲ್ಲಿ ಕೂರುತ್ತೆ ಅಂದ್ರೆ ಹೊಳಪಿನ ಪಟ್ಟಿ ಮೇಲೆ. ಅಲ್ಲಿ 190 ಇದೆ, ಆರಾಮಾಗಿ ಹಿಡ್ಕೊಳ್ಳುತ್ತೆ. ಕೊನೆಗೆ ಕೂದಲು ಕಪ್ಪು, ಹೊಳಪು ಕಿತ್ತಳೆ! ಜಾತ್ರೇಲಿ ಮಾರೋ ಪ್ಲಾಸ್ಟಿಕ್ ಬೊಂಬೆ ತಲೆ ಇರುತ್ತಲ್ಲ, ಅದೇ.

ನಿಜವಾದ ಕೂದಲಲ್ಲಿ ಇದು ಪೂರ್ತಿ ಉಲ್ಟಾ. ಕೂದಲಿನ ಹೊರಮೈಗೆ ತಾಗಿ ವಾಪಸ್ ಬರೋ ಬೆಳಕು ಒಳಗೆ ಹೋಗೋದೇ ಇಲ್ಲ, ಅದಕ್ಕೆ ಕೂದಲಿನ ಬಣ್ಣ ಅಂಟೋದಿಲ್ಲ. ಕಿಟಕಿ ಬೆಳಕು ಯಾವ ಬಣ್ಣವೋ ಆ ಹೊಳಪೂ ಅದೇ ಬಣ್ಣ. ಇನ್ನೊಂದಷ್ಟು ಬೆಳಕು ಎಳೆಯೊಳಗೆ ಹೊಕ್ಕು, ಎಳೆಯ ಆಚೆ ಬದಿಯ ಒಳಮೈಗೆ ಬಡಿದು, ತಿರುಗಿ ಈಚೆ ಬರುತ್ತೆ. ಆ ಎರಡನೇ ಹೊಳಪಿಗೆ ಮಾತ್ರ ಬಣ್ಣ ಇರುತ್ತೆ, ಅದು ಬಿಳಿ ಪಟ್ಟಿಗಿಂತ ಸ್ವಲ್ಪ ಬುಡದ ಕಡೆಗೆ ಸರಿದಿರುತ್ತೆ. ಇದನ್ನ ನಾನು ಕಟ್ಟಿ ಹೇಳ್ತಿಲ್ಲ. 2003ರಲ್ಲಿ ಸ್ಟೀವ್ ಮಾರ್ಶ್ನರ್ ಮತ್ತು ಜೊತೆಯವರು ಕೂದಲಿನ ಎಳೆಗಳ ಮೇಲೆ ಬೆಳಕು ಬಿಟ್ಟು ಅಳೆದು ಬರೆದಿಟ್ಟಿದಾರೆ, ಗ್ರಾಫಿಕ್ಸ್‌ನವರು ಇವತ್ತಿಗೂ ಅದನ್ನೇ ಹಿಡ್ಕೊಂಡಿದಾರೆ. ನಂಬಿಕೆ ಬರ್ಲಿಲ್ವಾ? ಮೆಹೆಂದಿ ಹಾಕಿದ ತಲೆಯನ್ನ ಬಿಸಿಲಲ್ಲಿ ನೋಡಿ. ನಮ್ಮ ಸೋದರತ್ತೆ ತಲೆ ಆದ್ರೂ ನಡೆಯುತ್ತೆ, ಆದ್ರೆ ಕೇಳಿ ನೋಡಿ, ಇಲ್ಲಾಂದ್ರೆ ಬೈತಾರೆ.

ಹಾಗಾಗಿ ಹೊಳಪಿಗೆ ಬಣ್ಣ ಬಳೀಬೇಡಿ. ನಡುವೆ ಒಂದ್ಮಾತು, ಚಾನೆಲ್ ಸಬ್‌ಸ್ಕ್ರೈಬ್ ಮಾಡಿಲ್ಲ ಅಂದ್ರೆ ಮಾಡಿ, ಅದಕ್ಕೆ Color ಮೋಡ್ ಬೇಕಾಗಿಲ್ಲ.

ಈಗ ಮಾಡೋ ರೀತಿ. ಮೊದಲು ಮಾಸ್ಕ್, ಅಂದ್ರೆ ಬಿಳಿ ಇರೋ ಕಡೆ ಬದಲಾವಣೆ ಬಿಟ್ಟು ಕಪ್ಪು ಇರೋ ಕಡೆ ತಡೆಯೋ ಪರದೆ. ಹಣೆ ಹತ್ರ ಕೂದಲನ್ನ ಚರ್ಮದಿಂದ ಬಿಡಿಸೋದೇ ತಲೆನೋವು. Channels ಪ್ಯಾನೆಲ್‌ನಲ್ಲಿ ಕೆಂಪು ಚಾನೆಲ್ ನೋಡಿ. ನಮ್ಮ ಗೋಧಿ ಬಣ್ಣ, ಕಂದು ಬಣ್ಣದ ಚರ್ಮ ಅಲ್ಲಿ ಬೆಳ್ಳಗೆ ಕಾಣುತ್ತೆ, ಕೂದಲು ಕಪ್ಪಗೇ ಇರುತ್ತೆ. ನೀಲಿ ಚಾನೆಲ್‌ನಲ್ಲಿ ಎರಡೂ ಕಪ್ಪು, ಅದನ್ನ ಬಿಡಿ. ಕೆಂಪು ಚಾನೆಲ್ ಕಾಪಿ ಮಾಡಿ, Ctrl+I ಒತ್ತಿ ತಿರುಗಿಸಿ, Levels‌ನಲ್ಲಿ ಕಪ್ಪು-ಬಿಳಿ ಹತ್ತಿರ ತನ್ನಿ. ತುಂಬಾ ಹತ್ತಿರ ತರಬೇಡಿ, ಗೋಡೆ ಮುಂದೆ ಹಾರೋ ಬಿಡಿ ಎಳೆಗಳು ಕರೆಂಟ್ ವೈರ್ ಥರ ದಪ್ಪ ಆಗ್ಬಿಡ್ತವೆ. ಎಳೆ ಮಾಸ್ಕ್‌ನಲ್ಲಿ ಬೂದಾಗಿ ಉಳಿದ್ರೆ ಒಳ್ಳೇದೇ, ಅದಕ್ಕೆ ಅರ್ಧ ಬಣ್ಣ ಸಿಗುತ್ತೆ, ಆ ಎಳೆಯಲ್ಲಿ ಗೋಡೆಯ ಬೆಳಕೂ ಬೆರೆತಿರುತ್ತಲ್ಲ. ಕಣ್ಣು, ಹುಬ್ಬು, ಬಟ್ಟೆನ ಕಪ್ಪು ಬ್ರಷ್‌ನಿಂದ ಅಳಿಸಿ. ಕೂದಲ ಮಧ್ಯೆ ಹೊಳಪಿನ ಜಾಗ ತೂತಾಗಿ ಕಾಣುತ್ತೆ, ಸದ್ಯಕ್ಕೆ ಬಿಳಿ ಬ್ರಷ್‌ನಿಂದ ಮುಚ್ಚಿಬಿಡಿ. ಅದನ್ನ ಬಿಡಿಸೋ ದಾರಿ ಬೇರೆ ಇದೆ.

ಎರಡನೇದು, ಬಣ್ಣಕ್ಕಿಂತ ಮೊದಲು ಬೆಳಕು. ಅದೇ ಮಾಸ್ಕ್ ಹಾಕಿ ಒಂದು Curves ಲೇಯರ್. ಕೆಳಗಿನ ಭಾಗ ಹಿಡಿದು 25 ಇದ್ದದ್ದನ್ನ 60ಕ್ಕೆ ಎತ್ತಿ, 190 ಇರೋ ಕಡೆ ಒಂದು ಚುಕ್ಕಿ ಇಟ್ಟು ಅಲ್ಲಾಡದ ಹಾಗೆ ಕಟ್ಟಿಹಾಕಿ. ಪಾರ್ಲರ್‌ನಲ್ಲೂ ಅಷ್ಟೇ ತಾನೇ, ಮೊದಲು ಬ್ಲೀಚ್. ವಾಟ್ಸಾಪ್‌ನಲ್ಲಿ ಬಂದ ಫೋಟೋ ಆದ್ರೆ ಇಲ್ಲೇ ಚೌಕ ಚೌಕ ಕಾಣಿಸ್ಕೊಳ್ಳುತ್ತೆ, ಆಗ ಎತ್ತೋದು ನಿಲ್ಲಿಸಿ, ತಾಮ್ರದ ಆಸೆ ಬಿಟ್ಟು ಗಾಢ ಕಂದಿಗೆ ಒಪ್ಕೊಳ್ಳಿ. ರಾ ಫೈಲ್ ಇದ್ರೆ ಈ ರಗಳೆ ಕಡಿಮೆ.

ಆಮೇಲೆ ಬಣ್ಣ. ಒಂದು Solid Color ಲೇಯರ್, ಅದೇ ಮಾಸ್ಕ್, ಅದೇ Color ಮೋಡ್. ಹೌದು ಸ್ವಾಮಿ, ನಾನೂ Color ಮೋಡೇ ಹಾಕೋದು! ಆದ್ರೆ ಅಲ್ಲಿಗೆ ಕೈ ತೊಳ್ಕೊಳ್ಳಲ್ಲ. ಲೇಯರ್ ಹೆಸರಿನ ಪಕ್ಕದ ಖಾಲಿ ಜಾಗದಲ್ಲಿ ಎರಡು ಸಲ ಕ್ಲಿಕ್ ಮಾಡಿ, ಕೆಳಗಡೆ Blend If ಇರುತ್ತೆ. ಅದರಲ್ಲಿ Underlying Layer, ಬಲಗಡೆ ಬಿಳಿ ತ್ರಿಕೋನ. Alt ಒತ್ತಿ ಎಳೆದ್ರೆ ಅದು ಎರಡು ಹೋಳಾಗುತ್ತೆ. ಒಂದನ್ನ 120ರಲ್ಲಿ, ಇನ್ನೊಂದನ್ನ 200ರಲ್ಲಿ ನಿಲ್ಲಿಸಿ. 120ರ ತನಕ ಪೂರ್ತಿ ಬಣ್ಣ, ಅಲ್ಲಿಂದ 200ರ ಒಳಗೆ ನಿಧಾನಕ್ಕೆ ಮಾಯ. ಮಧ್ಯದ ಆ ಇಳಿಜಾರಲ್ಲೇ ಬಿಳಿ ಹೊಳಪಿನ ಪಕ್ಕ ತಾಮ್ರದ ಕಾಂತಿ ಉಳ್ಕೊಳ್ಳುತ್ತೆ. ತ್ರಿಕೋನ ಹೋಳು ಮಾಡದೇ ಎಳೆದ್ರೆ ಪಟ್ಟಿ ಅಂಚು ಕತ್ತರಿಸಿದ ಹಾಗಾಗುತ್ತೆ, ನೂರು ಪರ್ಸೆಂಟ್ ಜೂಮ್‌ನಲ್ಲಿ ನೋಡಿದ್ರೆ ತಕ್ಷಣ ಗೊತ್ತಾಗುತ್ತೆ.

ಪರೀಕ್ಷೆ ಬೇಕಾ? ಐಡ್ರಾಪರ್‌ನ ಪಟ್ಟಿ ನಡುಮಧ್ಯಕ್ಕೆ ಒತ್ತಿ. 205, 198, 190 ಥರ ಮೂರೂ ಅಂಕಿ ಅಕ್ಕಪಕ್ಕ ಇದ್ರೆ ಕೂದಲು. 215, 150, 90 ಬಂತೋ, ಬೊಂಬೆ.

"Opacity ನಲವತ್ತಕ್ಕೆ ಇಳಿಸಿದ್ರೆ ಆಯ್ತಲ್ಲ ಸಾರ್" ಅಂತ ಇನ್ನೊಬ್ರು. ಇಳಿಸಿ, ಇಳಿಸಿ! ಎಲ್ಲಾ ಕಡೆಯೂ ಒಟ್ಟಿಗೆ ಇಳಿಯುತ್ತೆ. ಕೂದಲಿಗೆ ಬೇಕಾದ ಬಣ್ಣ ಹೋಯ್ತು, ಹೊಳಪಲ್ಲಿ ಬೇಡದ ಬಣ್ಣ ಇನ್ನೂ ಕೂತಿದೆ. "ಫೋನಲ್ಲಿ ಯಾರು ನೋಡ್ತಾರೆ?" ನಾನು ನೋಡ್ತೀನಿ! "ಕ್ಲೈಂಟ್ ಒಪ್ಕೊಂಡ್ರು." ಕ್ಲೈಂಟ್ ಮದುವೆ ಆಲ್ಬಮ್‌ನಲ್ಲಿ ಹಂಸದ ಬಾರ್ಡರ್‌ಗೂ ಒಪ್ಕೊಳ್ತಾರೆ. "ಅನಿಮೆ ಲುಕ್ ಸಾರ್." ಹೌದಪ್ಪಾ, ಎಡವಟ್ಟಾದ್ಮೇಲೆ ಎಲ್ಲವೂ ಲುಕ್ಕೇ.

ಭಾನುವಾರದ ವರ್ಕ್‌ಶಾಪ್‌ಗೆ ಇನ್ನೂ ಸೀಟ್ ಇದೆ, ಲಿಂಕ್ ಕೆಳಗಿದೆ. ಬರೋರು ಎಣ್ಣೆ ಹಚ್ಕೊಂಡೇ ಬನ್ನಿ, ಫೋಟೋ ಅಲ್ಲೇ ತೆಗೀತೀನಿ. Blend If ಇಲ್ಲದ ಸಾಫ್ಟ್‌ವೇರ್‌ನೋರು ಅಳಬೇಡಿ, ಫೋಟೋದ ಬೆಳಕನ್ನೇ ಮಾಸ್ಕ್ ಮಾಡಿ ತಿರುಗಿಸಿದ್ರೂ ಹೆಚ್ಚೂ ಕಮ್ಮಿ ಇದೇ ಸಿಗುತ್ತೆ. ಕಾಮೆಂಟ್ ಬರೆದವರಿಗೆ ನನ್ನ ಸಿಟ್ಟೇನಿಲ್ಲ. ಇದೆ, ಸ್ವಲ್ಪ ಇದೆ. ಅವರು ಆ ಪಟ್ಟಿಯನ್ನ ಬಿಳಿಯಾಗಿ ಬಿಟ್ಟು ಒಂದು ಫೋಟೋ ಕಳಿಸ್ಲಿ, ಇದೇ ಚಾನೆಲ್‌ನಲ್ಲಿ ಹಾಕ್ತೀನಿ. ಕಿತ್ತಳೆ ಪಟ್ಟಿ ಬಂದ್ರೂ ಹಾಕ್ತೀನಿ, ಆದ್ರೆ ಆವಾಗ ಮಾತು ಬೇರೆ ಥರ ಇರುತ್ತೆ.