ಹುಡುಗರೇ ಜಾಸ್ತಿ ಹುಟ್ಟಿದ 82 ವರ್ಷ

ನಮಸ್ಕಾರ ಕೇಳುಗರೇ.

1710ರಲ್ಲಿ ಲಂಡನ್ನಿನ ಒಬ್ಬ ಡಾಕ್ಟರು ಚರ್ಚುಗಳ ದೀಕ್ಷಾಸ್ನಾನದ ಪಟ್ಟಿಗಳನ್ನು ಮುಂದೆ ಹರಡಿಕೊಂಡು ಕೂತರು. ಹೆಸರು ಜಾನ್ ಆರ್ಬತ್ನಾಟ್, ಆಗಿನ ರಾಣಿ ಆನ್ ಅವರ ವೈದ್ಯರಲ್ಲಿ ಒಬ್ಬರು. ಇಂಗ್ಲೆಂಡಿಗೆ 'ಜಾನ್ ಬುಲ್' ಅನ್ನೋ ಅಡ್ಡಹೆಸರು ಇದೆಯಲ್ಲ, ಅದನ್ನು ಹುಟ್ಟಿಸಿದ್ದೂ ಇವರೇ, ಆದರೆ ಅದು ಬೇರೆ ಕತೆ. ಪಟ್ಟಿಯಲ್ಲಿ 1629ರಿಂದ 1710ರವರೆಗೆ, ಅಂದರೆ 82 ವರ್ಷ, ಲಂಡನ್ನಿನಲ್ಲಿ ಎಷ್ಟು ಗಂಡುಮಕ್ಕಳಿಗೆ, ಎಷ್ಟು ಹೆಣ್ಣುಮಕ್ಕಳಿಗೆ ದೀಕ್ಷಾಸ್ನಾನ ಆಯಿತು ಅಂತ ಬರೆದಿತ್ತು. ಆ 82 ವರ್ಷಗಳಲ್ಲಿ ಒಂದೇ ಒಂದು ವರ್ಷವೂ ತಪ್ಪದೆ ಗಂಡುಮಕ್ಕಳೇ ಜಾಸ್ತಿ.

ಆರ್ಬತ್ನಾಟರಿಗೆ ಇದು ದೇವರ ಏರ್ಪಾಡು ಅನ್ನಿಸಿತ್ತು. ಗಂಡಸರು ದುಡಿಯಲು ಹೊರಗೆ ಹೋಗುತ್ತಾರೆ, ಅಪಾಯಕ್ಕೆ ಸಿಕ್ಕು ಸಾಯುತ್ತಾರೆ, ಅದಕ್ಕೇ ದೇವರು ಮೊದಲೇ ಲೆಕ್ಕ ಹಾಕಿ ಸ್ವಲ್ಪ ಜಾಸ್ತಿ ಗಂಡುಮಕ್ಕಳನ್ನು ಕಳಿಸುತ್ತಾನೆ, ಮದುವೆಯ ವಯಸ್ಸಿಗೆ ಎರಡೂ ಸಮ ಆಗುತ್ತವೆ ಅಂತ ಅವರ ವಾದ. ಸರಿ, ನಂಬಿಕೆ ಅವರದ್ದು. ಆದರೆ ಅದನ್ನು ತೋರಿಸಲು ಅವರು ಹಿಡಿದ ದಾರಿ ನೋಡಿ. ತಮ್ಮ ನಂಬಿಕೆಯನ್ನು ಪಕ್ಕಕ್ಕಿಟ್ಟು, ತಾವು ಒಪ್ಪದ ಮಾತನ್ನೇ ನಿಜ ಅಂತ ಇಟ್ಟುಕೊಂಡರು. ಗಂಡೋ ಹೆಣ್ಣೋ ಅನ್ನೋದು ಬರೀ ನಾಣ್ಯ ಚಿಮ್ಮಿದ ಹಾಗೆ, ಅರ್ಧಕ್ಕರ್ಧ. ಹಾಗಿದ್ದರೆ ಯಾವುದೇ ವರ್ಷ ಗಂಡು ಜಾಸ್ತಿ ಆಗುವ ಸಂಭವವೂ ಅರ್ಧ. ಎರಡು ವರ್ಷ ಸತತವಾಗಿ ಆಗಬೇಕಾದರೆ ನಾಲ್ಕರಲ್ಲಿ ಒಂದು. ಮೂರು ವರ್ಷಕ್ಕೆ ಎಂಟರಲ್ಲಿ ಒಂದು. ಹೀಗೆ 82 ಸಲ ಅರ್ಧ ಮಾಡುತ್ತಾ ಹೋದರೆ ಕೆಳಗೆ ಬರುವ ಸಂಖ್ಯೆ 25 ಅಂಕಿಯದ್ದು. ಅಷ್ಟರಲ್ಲಿ ಒಂದು ಸಲ. ಇಷ್ಟು ಅಪರೂಪದ್ದು ತಾನಾಗಿ ಆಗಿಬಿಟ್ಟಿದೆ ಅಂತ ನಂಬೋದಕ್ಕಿಂತ, ಅರ್ಧಕ್ಕರ್ಧ ಅನ್ನೋ ಮಾತನ್ನೇ ಕೈಬಿಡೋದು ವಾಸಿ ಅಲ್ವಾ?

ಆ ಮಾತಿಗೆ ಈಗ ನಲ್ ಹೈಪಾಥಿಸಿಸ್ ಅನ್ನುತ್ತಾರೆ. ನಾನು ಶೂನ್ಯ ಊಹೆ ಅಂತೀನಿ. ಹೆಸರು ಕೊಟ್ಟಿದ್ದು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್, 1935ರಲ್ಲಿ. ಆದರೆ ಲೆಕ್ಕ ಅದಕ್ಕೂ ಇನ್ನೂರ ಇಪ್ಪತ್ತೈದು ವರ್ಷ ಹಳೆಯದು.

ಈಗ ಯಾರಾದರೂ ಕೇಳಬಹುದು, ಇಷ್ಟೆಲ್ಲ ಸುತ್ತು ಯಾಕೆ, ನೇರವಾಗಿ ತಮ್ಮ ವಾದವನ್ನೇ ಸಾಬೀತು ಮಾಡಬಹುದಿತ್ತಲ್ಲ ಅಂತ. ಮಾಡಿ ನೋಡೋಣ. ದೇವರು ಸ್ವಲ್ಪ ಜಾಸ್ತಿ ಗಂಡುಮಕ್ಕಳನ್ನು ಕಳಿಸುತ್ತಾನೆ. ಸ್ವಲ್ಪ ಅಂದರೆ ಎಷ್ಟು? ನೂರಕ್ಕೆ 51? 53? 60? ವಾದದಲ್ಲಿ ಅದಕ್ಕೆ ಉತ್ತರ ಇಲ್ಲ. ಪಟ್ಟಿಯಲ್ಲಿ 51 ಬಂದರೂ 'ನೋಡಿದಿರಾ' ಅನ್ನಬಹುದು, 60 ಬಂದರೂ 'ನೋಡಿದಿರಾ' ಅನ್ನಬಹುದು. ಎಷ್ಟು ಬರಬೇಕು ಅಂತ ಹೇಳದ ಮಾತಿನಿಂದ ಲೆಕ್ಕ ಶುರು ಮಾಡಲು ಆಗೋದಿಲ್ಲ. ಅರ್ಧಕ್ಕರ್ಧ ಅನ್ನೋ ಮಾತು ಹಾಗಲ್ಲ, ಅದು ಕತ್ತು ಚಾಚಿ ನಿಂತಿದೆ. ನೂರಕ್ಕೆ 50 ಅಂತ ಮೊದಲೇ ಹೇಳಿಬಿಟ್ಟಿದೆ, ಎಷ್ಟು ಆಚೀಚೆ ಆದರೆ ಸಹಜ, ಎಷ್ಟಾದರೆ ಅಸಹಜ ಅಂತಲೂ ಅದರಿಂದಲೇ ಹೊರಡುತ್ತದೆ. ಅದಕ್ಕೇ ಹೊಡೆತ ತಿನ್ನುವ ಜಾಗದಲ್ಲಿ ಅದನ್ನು ನಿಲ್ಲಿಸೋದು.

ಒಂದೇ ವರ್ಷ ತೆಗೆದುಕೊಂಡು ನೋಡಿ. 1629ರಲ್ಲಿ 5218 ಗಂಡು, 4683 ಹೆಣ್ಣು. ಒಟ್ಟು 9901. ಅರ್ಧಕ್ಕರ್ಧ ಆಗಿದ್ದರೆ ಗಂಡುಮಕ್ಕಳು ಸುಮಾರು 4950 ಇರಬೇಕಿತ್ತು. ಆದರೆ ಸರಿಯಾಗಿ ಅಷ್ಟೇ ಬರಬೇಕು ಅಂತ ಯಾರೂ ಹೇಳೋದಿಲ್ಲ, ನಾಣ್ಯವೂ ಆಚೀಚೆ ಆಗುತ್ತದೆ. ಎಷ್ಟು ಅಂತ ತಿಳಿಯಲು ಒಂದು ಸುಲಭದ ಲೆಕ್ಕ ಇದೆ: ಒಟ್ಟು ಸಂಖ್ಯೆಯ ವರ್ಗಮೂಲ ತೆಗೆದು ಅರ್ಧ ಮಾಡಿ. 9901ರ ವರ್ಗಮೂಲ ಹೆಚ್ಚುಕಡಿಮೆ ನೂರು, ಅರ್ಧ ಮಾಡಿದರೆ 50. ಇದು ಸಹಜ ಏರಿಳಿತದ ಅಳತೆಗೋಲು. ಎರಡು ಕೋಲಿನಷ್ಟು, ಅಂದರೆ ನೂರರ ಆಸುಪಾಸು ಹೆಚ್ಚುಕಡಿಮೆ ಆದರೆ ಸುಮ್ನೆ ಬಿಡಬಹುದು, ನೂರರಲ್ಲಿ 95 ಸಲ ಅಷ್ಟರೊಳಗೇ ಇರುತ್ತದೆ. ಇಲ್ಲಿ ಎಷ್ಟು ಜಾಸ್ತಿ ಆಗಿದೆ? 267. ಐದು ಕೋಲಿಗಿಂತಲೂ ಜಾಸ್ತಿ. ನಾಣ್ಯದಿಂದ ಇಷ್ಟು ದೂರ ಹೋಗೋದು ಕೋಟಿಗೊಮ್ಮೆ ಆಗುವ ಮಾತು. 82 ವರ್ಷ ಬೇಕಾಗಿಯೇ ಇರಲಿಲ್ಲ, ಒಂದೇ ವರ್ಷದ ಪಟ್ಟಿ ಸಾಕಿತ್ತು ಶೂನ್ಯ ಊಹೆಯನ್ನು ಬೀಳಿಸಲು.

ಇಲ್ಲಿಯವರೆಗೆ ಆರ್ಬತ್ನಾಟರ ಲೆಕ್ಕದಲ್ಲಿ ತಪ್ಪಿಲ್ಲ. ಅವರು ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ನಾಣ್ಯ ಅಲ್ಲ, ಹಾಗಾದರೆ ದೇವರು ಅಂದುಬಿಟ್ಟರು. ಅಷ್ಟಕ್ಕೇ ನಿಲ್ಲಿಸದೆ, ಎರಡೂ ಸಮ ಇರೋದರಿಂದ ಗಂಡಸು ಹೆಚ್ಚು ಹೆಂಡಿರನ್ನು ಮಾಡಿಕೊಳ್ಳೋದು ಪ್ರಕೃತಿಗೇ ವಿರುದ್ಧ ಅಂತಲೂ ತೀರ್ಪು ಕೊಟ್ಟರು!

ಕೆಲವೇ ವರ್ಷಗಳಲ್ಲಿ ಇದಕ್ಕೆ ಉತ್ತರ ಬಂತು, ನಿಕೊಲಾಸ್ ಬರ್ನೂಲಿ ಅನ್ನೋ ಗಣಿತಜ್ಞರಿಂದ. 35 ಮುಖದ ಒಂದು ದಾಳ ಇದೆ ಅಂದುಕೊಳ್ಳಿ ಅಂದರು ಅವರು. 18 ಮುಖ ಗಂಡು, 17 ಮುಖ ಹೆಣ್ಣು. ಪ್ರತಿ ಮಗುವಿಗೂ ಅದನ್ನು ಎಸೆಯಿರಿ. ವರ್ಷಕ್ಕೆ ಹದಿನಾಲ್ಕು ಸಾವಿರ ಸಲ ಎಸೆದರೆ ಪ್ರತಿ ವರ್ಷವೂ ಗಂಡು ಜಾಸ್ತಿ ಬರೋದರಲ್ಲಿ ಆಶ್ಚರ್ಯವೇ ಇಲ್ಲ. ಯಾರೂ ಕೂತು ಸರಿದೂಗಿಸಬೇಕಾಗಿಲ್ಲ, ದಾಳವೇ ಹಾಗಿದ್ದರೆ ಸಾಕು.

ನನಗೆ ಈ ಉತ್ತರ ತುಂಬಾ ಇಷ್ಟ. ಯಾಕೆಂದರೆ ಲೆಕ್ಕ ಬೀಳಿಸಿದ್ದು ಏನನ್ನು ಅಂತ ಇದು ಬೆರಳಿಟ್ಟು ತೋರಿಸುತ್ತದೆ. ಬಿದ್ದದ್ದು ಅರ್ಧಕ್ಕರ್ಧ ಅನ್ನೋ ಒಂದೇ ಮಾತು. ಅದು ಬಿದ್ದ ಜಾಗಕ್ಕೆ ದೇವರೂ ಬರಬಹುದು, ಬರ್ನೂಲಿಯ ದಾಳವೂ ಬರಬಹುದು. ಅಷ್ಟೇ ಯಾಕೆ, ಇದು ಹುಟ್ಟಿದವರ ಪಟ್ಟಿ ಅಲ್ಲ, ದೀಕ್ಷಾಸ್ನಾನ ಆದವರ ಪಟ್ಟಿ. ಗಂಡುಮಗುವನ್ನು ಚರ್ಚಿಗೆ ಕರೆದೊಯ್ಯಲು ಜನ ಜಾಸ್ತಿ ಆತುರ ಪಡುತ್ತಿದ್ದರೆ ಆಗಲೂ ಇಂಥದ್ದೇ ಅಂಕಿ ಬರುತ್ತಿತ್ತು. ನಾಣ್ಯದ ಸಂಭವ ಎಷ್ಟೇ ಚಿಕ್ಕದಾಗಲಿ, ಇವುಗಳಲ್ಲಿ ಯಾವುದು ನಿಜ ಅಂತ ಅದು ಹೇಳೋದಿಲ್ಲ. ಪ್ರಪಂಚದ ಬಹುತೇಕ ಕಡೆ ನೂರು ಹೆಣ್ಣುಮಕ್ಕಳಿಗೆ 105ರ ಆಸುಪಾಸು ಗಂಡುಮಕ್ಕಳು ಹುಟ್ಟುತ್ತಾರೆ ಅಂತ ಈಗ ನಮಗೆ ಗೊತ್ತು, ಆದರೆ ಅದು ತಿಳಿದಿದ್ದು ಬೇರೆ ಬೇರೆ ಪಟ್ಟಿಗಳನ್ನು ಇಟ್ಟು ನೋಡಿದ್ದರಿಂದ, ಆ ಒಂದು ಲೆಕ್ಕದಿಂದ ಅಲ್ಲ.

ಇನ್ನೊಂದು ತಪ್ಪು ಇದರ ಪಕ್ಕದಲ್ಲೇ ಕೂತಿರುತ್ತದೆ. ಕೋಟಿಗೊಮ್ಮೆ ಅಂದೆನಲ್ಲ, ಅದನ್ನು ಕೆಲವರು 'ಶೂನ್ಯ ಊಹೆ ನಿಜ ಆಗಿರುವ ಸಂಭವ ಕೋಟಿಯಲ್ಲೊಂದು' ಅಂತ ಓದುತ್ತಾರೆ. ಅಲ್ಲ. ಶೂನ್ಯ ಊಹೆ ನಿಜ ಅಂತ ಇಟ್ಟುಕೊಂಡರೆ ಇಂಥ ಅಂಕಿ ಬರುವ ಸಂಭವ ಅದು. ಮಳೆ ಬಂದರೆ ಅಂಗಳ ಒದ್ದೆ ಆಗುತ್ತದೆ ಅನ್ನೋದಕ್ಕೂ, ಅಂಗಳ ಒದ್ದೆ ಆಗಿದ್ದರೆ ಮಳೆ ಬಂದಿದೆ ಅನ್ನೋದಕ್ಕೂ ಇರುವಷ್ಟೇ ವ್ಯತ್ಯಾಸ.

ಈಗ ಕತೆಯನ್ನು ತಿರುಗಿಸಿ ನೋಡೋಣ. ಆರ್ಬತ್ನಾಟರ ಕೈಗೆ 82 ವರ್ಷದ ಪಟ್ಟಿ ಸಿಗದೆ, ಒಂದೇ ಒಂದು ಚರ್ಚಿನ ನೂರು ಮಕ್ಕಳ ಪಟ್ಟಿ ಸಿಕ್ಕಿದ್ದರೆ? ನೂರರ ವರ್ಗಮೂಲ ಹತ್ತು, ಅದರ ಅರ್ಧ ಐದು. ಎರಡು ಕೋಲು ಅಂದರೆ ಹತ್ತು. 40ರಿಂದ 60ರವರೆಗೆ ಎಷ್ಟೇ ಗಂಡುಮಕ್ಕಳಿದ್ದರೂ ಅರ್ಧಕ್ಕರ್ಧ ಅನ್ನೋ ಮಾತಿಗೆ ಪೆಟ್ಟಿಲ್ಲ. ಬರ್ನೂಲಿಯ ದಾಳದ ಪ್ರಕಾರ ನೂರಕ್ಕೆ ಬರೋದು 51 ಚಿಲ್ಲರೆ. ಅಂದರೆ ದಾಳ ನಿಜವಾಗಿಯೂ ವಾಲಿದ್ದರೂ ನೂರು ಮಕ್ಕಳ ಪಟ್ಟಿಯಲ್ಲಿ ಅದು ಕಾಣಿಸೋದೇ ಇಲ್ಲ. ಆಗ ನಮ್ಮ ಡಾಕ್ಟರು 'ವ್ಯತ್ಯಾಸ ಇಲ್ಲ ಅಂತ ಸಾಬೀತಾಯಿತು' ಅಂತ ಬರೆದಿದ್ದರೆ ಪೂರ್ತಿ ತಪ್ಪಾಗುತ್ತಿತ್ತು. ಶೂನ್ಯ ಊಹೆ ಬೀಳಲಿಲ್ಲ, ನಿಜ. ಆದರೆ ಅದು ಗಟ್ಟಿ ಇದ್ದದ್ದಕ್ಕೋ, ನಮ್ಮ ಹೊಡೆತದಲ್ಲಿ ಬಲ ಇರಲಿಲ್ಲವೋ? ಇಷ್ಟು ಚಿಕ್ಕ ವಾಲನ್ನು ಐದರಲ್ಲಿ ನಾಲ್ಕು ಸಲವಾದರೂ ಹಿಡಿಯಬೇಕಾದರೆ ಸುಮಾರು ಹತ್ತು ಸಾವಿರ ಮಕ್ಕಳ ಲೆಕ್ಕ ಬೇಕು. ಹಾಗಾಗಿ 'ವ್ಯತ್ಯಾಸ ಕಾಣಲಿಲ್ಲ' ಅನ್ನೋ ವರದಿ ಓದಿದಾಗ ನಾನು ಮೊದಲು ಹುಡುಕೋದು ಎಷ್ಟು ಜನರನ್ನು ನೋಡಿದ್ದಾರೆ ಅನ್ನೋದನ್ನು. ನಾನೂ ಒಂದು ಕಾಲದಲ್ಲಿ ಮೂವತ್ತು ಜನರನ್ನು ನೋಡಿ 'ವ್ಯತ್ಯಾಸವೇ ಇಲ್ಲ' ಅಂತ ಧೈರ್ಯವಾಗಿ ಬರೆದವನೇ.

ಬರ್ನೂಲಿಯ ದಾಳದ ವಿಷಯಕ್ಕೆ ಒಂದು ಸಲ ವಾಪಸ್ ಬರುತ್ತೇನೆ. ಅದು ಬರೀ 'ಜಾಸ್ತಿ' ಅನ್ನೋದಿಲ್ಲ, 35ಕ್ಕೆ 18 ಅಂತ ಸರಿಯಾಗಿ ಸಂಖ್ಯೆ ಹೇಳುತ್ತದೆ. ಹಾಗಾಗಿ ಈಗ ಅದನ್ನೇ ಹೊಡೆತದ ಜಾಗದಲ್ಲಿ ನಿಲ್ಲಿಸಬಹುದು. ಶೂನ್ಯ ಊಹೆ ಅಂದರೆ 'ಏನೂ ಇಲ್ಲ' ಅಂತಲೇ ಇರಬೇಕು ಅನ್ನೋ ನಿಯಮವೇನೂ ಇಲ್ಲ. ನಿಮ್ಮ ಸ್ವಂತ ವಾದವೇ ಸಂಖ್ಯೆ ಹೇಳುವಷ್ಟು ಸ್ಪಷ್ಟ ಆಗಿದ್ದರೆ ಅದನ್ನೇ ಬೀಳಿಸಲು ನೋಡಬಹುದು, ನನ್ನ ಪ್ರಕಾರ ಅದು ಇನ್ನೂ ಕಷ್ಟದ ಪರೀಕ್ಷೆ.

1629ಕ್ಕೆ ಹಾಕಿ ನೋಡಿ. ದಾಳದ ಪ್ರಕಾರ 9901ರಲ್ಲಿ 5092 ಗಂಡು ಬರಬೇಕು. ಬಂದದ್ದು 5218. 126 ಜಾಸ್ತಿ, ಎರಡೂವರೆ ಕೋಲು. ಆ ಒಂದು ವರ್ಷ ಮಾತ್ರ ಮುಂದಿಟ್ಟರೆ ಬರ್ನೂಲಿಯ ದಾಳವೂ ಬಿತ್ತು ಅನ್ನಬೇಕಾಗುತ್ತದೆ! ಆದರೆ ತಡೆಯಿರಿ. ಎರಡು ಕೋಲು ದಾಟಿದರೆ ಬಿತ್ತು ಅನ್ನೋದು ನೂರಕ್ಕೆ ಐದು ಸಲ ಸುಮ್ಮನೆ ಮೋಸ ಹೋಗುವ ನಿಯಮ. 82 ವರ್ಷಗಳನ್ನು ಒಂದೊಂದಾಗಿ ನೋಡಿದರೆ ದಾಳ ಪೂರ್ತಿ ಸರಿ ಇದ್ದರೂ ನಾಲ್ಕು ವರ್ಷ ಹಾಗೆ ಕಾಣಿಸುತ್ತವೆ. ನಾನು 1629ನ್ನೇ ಆರಿಸಿದ್ದು ಅದು ಪಟ್ಟಿಯ ಮೊದಲ ವರ್ಷ ಅಂತ. ಅಂಕಿಗಳನ್ನೆಲ್ಲ ನೋಡಿ, ನನಗೆ ಬೇಕಾದ ವರ್ಷವನ್ನೇ ಹೆಕ್ಕಿ ತಂದು ಇಲ್ಲಿ ಓದಿದ್ದರೆ ಕೋಲು ಹಿಡಿದು ಅಳೆದದ್ದಕ್ಕೆ ಅರ್ಥವೇ ಇರುತ್ತಿರಲಿಲ್ಲ, ನಿಮಗೆ ಅದು ಗೊತ್ತಾಗುತ್ತಲೂ ಇರಲಿಲ್ಲ.

ನಮಸ್ಕಾರ.